ನನ್ನ ಕತೆ ಓದಿ ಹೇಳಿ: ಏನೂ ನಡೆಯದ ನಾಲ್ಕು ಗಂಟೆಯನ್ನು ಬರೆಯುವುದು ಹೇಗೆ?

ಪಾಳಿಪುಸ್ತಕ

ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮೇ 12ರ ನರ್ಸುಗಳ ದಿನಕ್ಕೆ ನಮ್ಮಲ್ಲಿ ಪತ್ರಿಕೆ ತರುತ್ತಿದ್ದಾರೆ. ಒಂದು ಕತೆ ಕೊಟ್ಟಿದ್ದೆ. ನಡೆದದ್ದೇ, ಊರು ಮತ್ತು ಮನುಷ್ಯರ ಗುರುತು ಬದಲಿಸಿದ್ದೇನೆ. ಸಂಪಾದಕರಾಗಿರುವ ಸರ್, "ಮಧ್ಯದಲ್ಲಿ ನಾಲ್ಕು ಗಂಟೆ ಏನೂ ನಡೆಯೋದಿಲ್ಲ, ಅದನ್ನ ಎರಡು ಸಾಲು ಮಾಡಿ, ಒಂದೇ ಪುಟಕ್ಕೆ ಇಳಿಸಿ" ಅಂದಿದ್ದಾರೆ. ಆ ನಾಲ್ಕು ಗಂಟೆಗೋಸ್ಕರವೇ ನಾನು ಬರೆದದ್ದು. ಓದಿ, ಬೈಯಿರಿ.

ಹತ್ತೂವರೆಯ ಇಂಜೆಕ್ಷನ್ ಮುಗಿಸಿ ವಾರ್ಡಿನ ದೀಪ ಆರಿಸಿದ್ದೆ. ಹನ್ನೆರಡೂಕಾಲಿಗೆ ಒಂದು ಟ್ರ್ಯಾಕ್ಸ್ ಬಂದು ನಿಂತಿತು. ಆತ ನಡೆದುಕೊಂಡೇ ಒಳಗೆ ಬಂದ. ಮುಂದೆ ಹೆಂಡತಿಯ ಅಣ್ಣ, ಹಿಂದೆ ಹೆಂಡತಿ. "ಹೊಟ್ಟಿ ಬ್ಯಾನಿರಿ ಅಕ್ಕಾರ, ಗ್ಯಾಸ್ ಆಗಿರಬೇಕು, ಸೋಡಾ ಕುಡಿಸೇವಿ" ಅಂದ ಅಣ್ಣ.

ಬಿ.ಪಿ. ಪಟ್ಟಿ ಸುತ್ತುತ್ತ ಹೆಸರು ಕೇಳಿದೆ. ಹೇಳಿದ, ಆದರೆ ಮಾತು ಮೂಗಿನಿಂದ ಬಂತು. ತಲೆ ಹಿಂದೆ ವಾಲಿಸಿ, ಗದ್ದ ಮೇಲೆತ್ತಿ, ಜಗಳಕ್ಕೆ ಬಂದವನ ಹಾಗೆ ನನ್ನನ್ನು ನೋಡುತ್ತಿದ್ದ. ಹತ್ತಿರ ಹೋದ ಮೇಲೆ ಗೊತ್ತಾಯಿತು: ರೆಪ್ಪೆ ಮೇಲೇಳುತ್ತಿಲ್ಲ, ಉಳಿದ ಸಂದಿಯಿಂದ ನೋಡಲು ತಲೆಯನ್ನೇ ಎತ್ತಿದ್ದಾನೆ.

"ಎಲ್ಲಿ ಮಲಗಿದ್ರಿ?"

"ಕಣದಾಗ್ರಿ. ಗೋವಿನಜೋಳ ಒಟ್ಟೇವಿ, ಕಾಯಾಕ ನೆಲದ ಮ್ಯಾಲ ಮಲಗಿದ್ದೆ."

ಡ್ಯೂಟಿ ಡಾಕ್ಟರ್ ಎದ್ದು ಬಂದರು. ಟಾರ್ಚ್ ಹಿಡಿದು ಕಾಲು, ಕೈ, ಕಿವಿಯ ಹಿಂದೆ, ಬೆನ್ನು ಎಲ್ಲಾ ಹುಡುಕಿದೆವು. ಹಲ್ಲಿನ ಗುರುತಿಲ್ಲ, ಬಾವಿಲ್ಲ. "ಕಟ್ಟುಹಾವು. ಎ.ಎಸ್.ವಿ. ಶುರು ಮಾಡಿ" ಅಂದರು. ಗಾಜಿನ ಟ್ಯೂಬಿಗೆ ಎರಡು ಎಂ.ಎಲ್. ರಕ್ತ ಹಾಕಿ ಅಲುಗಾಡದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಇಪ್ಪತ್ತು ನಿಮಿಷಕ್ಕೆ ಓರೆ ಮಾಡಿ ನೋಡಿದರೆ ಗಟ್ಟಿಯಾಗಿತ್ತು. ಮಂಡಲದ ಹಾವಲ್ಲ. ಅಷ್ಟು ಹೊತ್ತಿಗೆ ಔಷಧಿ ಅರ್ಧ ಬೆರೆಸಾಗಿತ್ತು. ಹತ್ತು ವಯಲ್. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಒಂದೊಂದನ್ನೂ ಅಂಗೈಗಳ ನಡುವೆ ಉರುಳಿಸಬೇಕು. ಹೊರಗೆ ಕಾಯುವವರಿಗೆ ಅದು ಸೋಮಾರಿತನದ ಹಾಗೆ ಕಾಣುತ್ತದೆ. "ಲಗೂನ ಮಾಡ್ರಿ" ಅಂತ ಅಣ್ಣ ಬಾಗಿಲಲ್ಲೇ ಕೂಗುತ್ತಿದ್ದ.

"ಒಂದೇ ಉಸಿರಿಗೆ ಎಷ್ಟು ಎಣಿಸ್ತೀರಿ, ಎಣಿಸಿ" ಅಂದೆ. ಇಪ್ಪತ್ತೆರಡಕ್ಕೆ ನಿಂತ. ಸ್ವಲ್ಪ ಹೊತ್ತು ಬಿಟ್ಟು ಹದಿನಾಲ್ಕು. ಆಮೇಲೆ ಆರು. ಒಂದೂ ನಲವತ್ತಕ್ಕೆ ತುಟಿ ಮಾತ್ರ ಅಲುಗಿತು, ಎಣಿಕೆ ಹೊರಗೆ ಬರಲಿಲ್ಲ. ಡಾಕ್ಟರ್ ಟ್ಯೂಬ್ ಹಾಕಿದರು. ನನ್ನ ಕೈಗೆ ಆಂಬು ಬ್ಯಾಗ್ ಬಂತು.

ನಮ್ಮಲ್ಲಿ ವೆಂಟಿಲೇಟರ್ ಇಲ್ಲ. ಇದ್ದ ಒಂದು ಆಂಬುಲೆನ್ಸ್ ಹೆರಿಗೆ ಕೇಸ್ ಕರೆದುಕೊಂಡು ಹೋಗಿತ್ತು. ವೆಂಟಿಲೇಟರ್ ಇರುವ ಗಾಡಿ ಜಿಲ್ಲೆಯಿಂದ ಬರಬೇಕು, ಬೆಳಗಾಗುತ್ತದೆ ಅಂದರು. ಐದು ಸೆಕೆಂಡಿಗೆ ಒಂದು ಸಲ ಒತ್ತಬೇಕು. ಒತ್ತು, ಬಿಡು, ಎದೆ ಇಳಿಯುವುದನ್ನು ನೋಡು. ಕೈ ಸೋತಾಗ ಡಾಕ್ಟರ್, ಅವರನ್ನು ಬೇರೆ ರೋಗಿ ಕರೆದಾಗ ಡಿ ಗ್ರೂಪಿನ ಅಣ್ಣ, ಮತ್ತೆ ನಾನು.

ಕಣ್ಣುಪಾಪೆ ಎರಡೂ ಹಿಗ್ಗಿದ್ದವು, ಟಾರ್ಚಿಗೆ ಕುಗ್ಗಲಿಲ್ಲ. ಕೈ ಎತ್ತಿ ಬಿಟ್ಟರೆ ಬೀಳುತ್ತಿತ್ತು. ನೋಡಿದವರಿಗೆ ಹೆಣ. ಅಣ್ಣ ಮಂಚದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಮುಗದಂಗ ಐತಿ. ನಾಳೆ ಜ್ವಾಳದ ಲಾರಿ ಬರತೈತಿ, ಕೇಳಿದ ರೇಟಿಗೆ ಕೊಟ್ಟುಬಿಡು." ಬೆರಳಿನ ಯಂತ್ರದಲ್ಲಿ ನಾಡಿ 88 ಇದ್ದದ್ದು 124 ಆಯಿತು. ನಾನು ಅಣ್ಣನನ್ನು ಹೊರಗೆ ಕಳಿಸಿದೆ. ನಾಡಿ ಇಳಿಯಲು ತುಂಬ ಹೊತ್ತು ಹಿಡಿಯಿತು.

ಆಮೇಲೆ ನಾನು ಹೇಳಿ ಹೇಳಿ ಮಾಡಿದೆ. "ಈಗ ಬಾಯಿಯ ಜೊಲ್ಲು ತೆಗೀತೀನಿ, ಕೆಮ್ಮು ಬಂದಂಗ ಆಗ್ತದ." "ಕಣ್ಣು ಒಣಗಬಾರದು ಅಂತ ಮುಲಾಮು ಹಾಕಿ ಪಟ್ಟಿ ಹಚ್ಚೀನಿ, ಕತ್ತಲಾಗ್ತದ, ಹೆದರಬ್ಯಾಡ್ರಿ." "ಗಂಟೆ ಮೂರೂವರೆ."

ಆರೂ ಹತ್ತಕ್ಕೆ ಗಾಡಿ ಬಂತು. ಬಂದ ಹುಡುಗನಿಗೆ ಟ್ಯೂಬಿನ ಅಳತೆ, ವಯಲ್‌ಗಳ ಲೆಕ್ಕ, ಮೂತ್ರದ ಲೆಕ್ಕ ಹೇಳಿದೆ. "ಇನ್ನೊಂದು, ಇವರಿಗೆ ಎಲ್ಲಾ ಕೇಳಸ್ತದ" ಅಂದೆ. ಆತ ಅದನ್ನೂ ಬರೆದುಕೊಂಡ.

ಇಷ್ಟು.

ಬಯಲುನಾಡು

ಓದಿ ಕೈ ಸೋತಂತಾಯ್ತು. ಮಧ್ಯಕ್ಕೆ ಕತ್ತರಿ ಹಾಕಲೇಬೇಡಿ.

ನಿವೃತ್ತ ಮೇಟ್ರನ್

ತಂಗಿ, ನಿಮ್ಮ ಸರ್ ಹೇಳಿದ್ದು ತಪ್ಪು, ಆದರೆ ಅವರಿಗೆ ಬೇಸರ ಬಂದದ್ದು ಸುಳ್ಳಲ್ಲ. ಮೊದಲ ಭಾಗದಲ್ಲಿ ನಿನ್ನ ಕೈ ಏನೇನು ಮಾಡಿತು ಅಂತ ಒಂದೊಂದೂ ಕಾಣುತ್ತದೆ. ವಯಲ್ ಉರುಳಿಸಿದ್ದು, ಟ್ಯೂಬನ್ನು ಕಿಟಕಿಕಟ್ಟೆಯಲ್ಲಿ ಇಟ್ಟದ್ದು, ಎಲ್ಲಾ. ನಾಲ್ಕು ಗಂಟೆಗೆ ಬಂದಾಗ "ಒತ್ತು, ಬಿಡು" ಅಂದು ಮುಗಿಸಿಬಿಟ್ಟಿದ್ದೀಯ. ಏನೂ ನಡೆಯಲಿಲ್ಲ ಅಂತ ಅವರಿಗೆ ಅನಿಸಿದ್ದು ಅದಕ್ಕೇ. ನಿಜವಾಗಿ ಎಷ್ಟು ನಡೆದಿರುತ್ತದೆ! ಟ್ಯೂಬ್ ಹಲ್ಲಿನ ಹತ್ತಿರ 22ರ ಗುರುತಿನಲ್ಲಿದೆಯೇ ಅಂತ ಎಷ್ಟು ಸಲ ನೋಡಿರುತ್ತೀ? ಬ್ಯಾಗ್ ಕೈ ಬದಲಾಯಿಸುವಾಗ ಟ್ಯೂಬ್ ಎಳೆದುಹೋಗಬಾರದು ಅಂತ ಇನ್ನೊಂದು ಕೈಯಲ್ಲಿ ಹಿಡಿದಿರುತ್ತೀ. ಡಿ ಗ್ರೂಪಿನವರು ಗಾಬರಿಯಲ್ಲಿ ಜೋರಾಗಿ, ಬೇಗ ಬೇಗ ಒತ್ತಿರುತ್ತಾರೆ, ನಿಧಾನ ಮಾಡಿಸಿರುತ್ತೀ. ಪಕ್ಕಕ್ಕೆ ಹೊರಳಿಸಿ ಬೆನ್ನು ನೋಡಿರುತ್ತೀ. ವಾರ್ಡಿನ ಉಳಿದವರ ಎರಡು ಗಂಟೆಯ, ಆರು ಗಂಟೆಯ ಔಷಧಿ ಯಾರು ಕೊಟ್ಟರು? ಅದೂ ಕತೆಯೇ.

ಒಂದು ಪ್ರಶ್ನೆ. ಮೈಯೆಲ್ಲ ನಿಶ್ಚಲ, ಮನಸ್ಸು ಪೂರ್ತಿ ಎಚ್ಚರ, ಗಂಟಲಲ್ಲಿ ಟ್ಯೂಬ್. ನಿದ್ದೆಯ ಔಷಧಿ ಏನೂ ಕೊಡಲಿಲ್ಲವೇ? ಓದುವ ಪ್ರತಿ ನರ್ಸೂ ಅಲ್ಲಿ ನಿಲ್ಲುತ್ತಾಳೆ.

ಪಾಳಿಪುಸ್ತಕ

ಮೇಡಂ, ಕೊಟ್ಟರು. ಟ್ಯೂಬ್ ಹಾಕಿದಾಗ ಬಿ.ಪಿ. ಕೆಳಗಿತ್ತು, ಡಾಕ್ಟರ್ ಕಾದರು. ಸಲೈನ್ ಹೋಗಿ ಮೇಲೆ ಬಂದ ನಂತರ ಮಿಡಜೋಲಾಮ್ ಸ್ವಲ್ಪ ಸ್ವಲ್ಪವೇ ಕೊಟ್ಟರು. ಅಣ್ಣನ ಫೋನ್ ಮಾತು ಅದಕ್ಕೂ ಮೊದಲಿನದು. ಕತೆಯಲ್ಲಿ ಸೇರಿಸುತ್ತೇನೆ.

ಉಳಿದವರ ಔಷಧಿ: ಹೆರಿಗೆ ವಾರ್ಡಿನ ಸಿಸ್ಟರ್ ಬಂದು ಕೊಟ್ಟು ಹೋದಳು. ಅವಳಿಗೂ ಅಲ್ಲಿ ಒಂದು ಮಗು ಆಕ್ಸಿಜನ್ ಮೇಲಿತ್ತು.

ಮೆಡಿಕಲ್ ಗುರು

ಔಷಧಿ ಅಂಗಡಿ ಇಟ್ಟವನು ನಾನು, ಇಷ್ಟು ಹೇಳಬಲ್ಲೆ. ನಿಯೋಸ್ಟಿಗ್ಮಿನ್, ಅಟ್ರೋಪಿನ್ ಎರಡೂ ಕೊಟ್ಟಿದ್ರೆ ಇಷ್ಟು ಒದ್ದಾಟವೇ ಇರ್ತಿರಲಿಲ್ಲ. ನಮ್ಮೂರಿನಲ್ಲಿ ಒಬ್ಬರಿಗೆ ಕಚ್ಚಿದಾಗ ಹಾಗೇ ಕೊಟ್ಟರು, ಅರ್ಧ ಗಂಟೆಯಲ್ಲಿ ಕಣ್ಣು ಬಿಟ್ಟು ಚಹಾ ಕೇಳಿದರು. ನಿಮ್ಮ ಡಾಕ್ಟರಿಗೆ ಗೊತ್ತಿರಲಿಲ್ಲ ಅನಿಸುತ್ತೆ. ಮತ್ತೆ ಕಣ್ಣುಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ ಮೆದುಳು ಹೋಗಿದೆ ಅಂತಲೇ ಅರ್ಥ. ಅಂಥವರಿಗೆ ಕೇಳಿಸುತ್ತದೆ ಅನ್ನೋದು ಕತೆಗೆ ಚೆಂದ, ಅಷ್ಟೇ.

ಪಿ.ಎಚ್.ಸಿ. ಡಾಕ್ಟ್ರು

ಗುರು ಅವರೇ, ನಿಮ್ಮೂರಿನವರಿಗೆ ಕಚ್ಚಿದ್ದು ಬಹುಶಃ ನಾಗರಹಾವು. ನಾಗರದ ವಿಷ ಸ್ನಾಯುವಿನ ಕಡೆಯ ಬಾಗಿಲಿಗೆ ಅಡ್ಡ ಕೂರುತ್ತದೆ. ನಿಯೋಸ್ಟಿಗ್ಮಿನ್ ಅಲ್ಲಿ ಸಂದೇಶವನ್ನು ಹೆಚ್ಚು ಮಾಡಿ ದಾರಿ ಬಿಡಿಸಬಹುದು, ಅದಕ್ಕೇ ಅವರು ಚಹಾ ಕೇಳಿದರು. ಕಟ್ಟುಹಾವಿನದು ನರದ ತುದಿಯನ್ನೇ ಹಾಳು ಮಾಡುತ್ತದೆ. ಸಂದೇಶ ಕಳಿಸುವವನೇ ಇಲ್ಲದ ಮೇಲೆ ನಿಯೋಸ್ಟಿಗ್ಮಿನ್ ಯಾವುದನ್ನು ಹೆಚ್ಚಿಸಬೇಕು? ಹಾವು ಯಾವುದು ಅಂತ ಖಚಿತವಿಲ್ಲದಾಗ ಒಂದು ಸಲ ಕೊಟ್ಟು ನೋಡುತ್ತೇವೆ, ಫಲ ಕಾಣದಿದ್ದರೆ ನಿಲ್ಲಿಸುತ್ತೇವೆ. ಎ.ಎಸ್.ವಿ. ಕೂಡ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ನರಕ್ಕೆ ಕಚ್ಚಿಕೊಂಡದ್ದನ್ನು ಬಿಡಿಸಲಾರದು. ನರದ ತುದಿ ಮತ್ತೆ ಚಿಗುರುವವರೆಗೆ ಉಸಿರು ಕೊಡುತ್ತಿರಬೇಕು. ಕೆಲವರಿಗೆ ಎರಡು ಮೂರು ದಿನ, ಕೆಲವರಿಗೆ ವಾರಕ್ಕೂ ಮೇಲೆ.

ಕಣ್ಣುಪಾಪೆಯ ಮಾತು ಅಪಾಯದ್ದು. ತಲೆಗೆ ಪೆಟ್ಟಾದವರಲ್ಲಿ ಆ ಗುರುತಿಗೆ ಒಂದು ಅರ್ಥವಿದೆ. ಕಟ್ಟುಹಾವಿನ ವಿಷದಲ್ಲಿ ಪಾಪೆಯನ್ನು ಕುಗ್ಗಿಸುವ ನರವೇ ಕೈಕೊಟ್ಟಿರುತ್ತದೆ, ಮೆದುಳು ಚೆನ್ನಾಗಿರುತ್ತದೆ. ಇದನ್ನು ಮರೆತು "ಹೋಯಿತು" ಅಂದು ಬ್ಯಾಗ್ ಕೆಳಗಿಟ್ಟರೆ, ಬದುಕಬಹುದಾಗಿದ್ದವನನ್ನು ನಾವೇ ಕೊಂದ ಹಾಗೆ. ಪಾಳಿಪುಸ್ತಕ ಅವರೇ, ಕತೆಯಲ್ಲಿ ಈ ಒಂದು ಮಾತು ಡಾಕ್ಟರ ಬಾಯಲ್ಲಿ ಬರಲಿ. ನಿಮ್ಮ ಪತ್ರಿಕೆ ಓದುವ ಹೊಸ ಹುಡುಗರಿಗೆ ಬೇಕು.

ಮೆಡಿಕಲ್ ಗುರು

ನಾಗರ ಅಂತಲೇ ಹೇಳಿದ್ದರು, ನಿಜ. ಆದರೆ ಕೊಟ್ಟು ನೋಡುವುದರಲ್ಲಿ ನಷ್ಟ ಏನು ಅಂತ ನನ್ನ ಮಾತು. ನೀವೇ ಒಂದು ಸಲ ಕೊಡ್ತೀವಿ ಅಂದ್ರಲ್ಲ.

ಬಳ್ಳಾರಿ ಮಾವ

ಕತೆ ಚೆನ್ನಾಗಿದೆ ತಾಯಿ. ಆದರೆ ಎಲ್ಲಾ ಸಿಸ್ಟರ್‌ಗಳೂ ನಿಮ್ಮ ಹಾಗೆ ಇರೋದಿಲ್ಲ. ನಮ್ಮ ತಾಯಿಯನ್ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಟ್ಟಿದ್ವಿ. ರಾತ್ರಿ ಬಾಟಲಿ ಖಾಲಿಯಾಗಿ ಪೈಪಿನಲ್ಲಿ ರಕ್ತ ಹಿಂದಕ್ಕೆ ಬಂತು. ಹೋಗಿ ಕರೆದರೆ ಮೇಜಿನ ಹತ್ತಿರ ಮೊಬೈಲ್ ನೋಡ್ತಾ "ಬರ್ತೀನಿ ಹೋಗಿ" ಅಂದ್ರು. ಬಂದದ್ದು ಎಷ್ಟೋ ಹೊತ್ತಿಗೆ. ಅದನ್ನೂ ಬರೀರಿ ಪತ್ರಿಕೆಯಲ್ಲಿ.

ಕರಾವಳಿ ಸಿಸ್ಟರ್

ಮಾವ, ಮೊಬೈಲ್ ನೋಡ್ತಿದ್ದದ್ದು ತಪ್ಪೇ, ನಾನು ಸಮರ್ಥಿಸೋದಿಲ್ಲ. ಆದರೆ ಇವರ ಕತೆಯನ್ನೇ ನೋಡಿ. ಆ ರಾತ್ರಿ ಬೇರೆ ಯಾರದ್ದೋ ಬಾಟಲಿ ಖಾಲಿಯಾಗಿದ್ದರೆ ಇವರೂ "ಬರ್ತೀನಿ" ಅಂತಲೇ ಹೇಳ್ತಿದ್ರು, ಹೋಗೋಕೆ ಆಗ್ತಿರಲಿಲ್ಲ.

ಬಳ್ಳಾರಿ ಮಾವ

ಒಪ್ಪಿದೆ. ಆದರೆ ಅವರ ಕೈಲಿ ಇದ್ದದ್ದು ಬ್ಯಾಗ್ ಅಲ್ಲ, ಮೊಬೈಲ್.

108 ಹುಡುಗ

ಅಕ್ಕಾರ, ನಾನು ಆಂಬುಲೆನ್ಸಿನ ಇ.ಎಂ.ಟಿ. ಗಾಡಿ ತಡ ಆಯ್ತು ಅಂತ ಓದುವಾಗ ನನಗೇ ಬೈದ ಹಾಗಾಯ್ತು, ಇರಲಿ. ನಿಮ್ಮ ಕತೆಯಲ್ಲಿ ಆಕ್ಸಿಜನ್ ಎಲ್ಲೈತಿ? ನಾಲ್ಕು ಗಂಟೆ ಬ್ಯಾಗ್ ಒತ್ತಿದ್ರಿ ಅಂದ್ರ ಸಿಲಿಂಡರ್ ಮುಗಿದಿರಬೇಕಲ್ಲ? ನಮಗ ರಾತ್ರಿ ಪೂರ್ತಿ ತಲ್ಯಾಗ ಇರೋದು ಅದೊಂದೇ ಲೆಕ್ಕ.

ಪಾಳಿಪುಸ್ತಕ

ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ! ಅದನ್ನ ಬೇಕಂತಲೇ ಬಿಟ್ಟಿದ್ದೆ, ಲೆಕ್ಕ ಓದೋರಿಗೆ ಬೇಜಾರಾಗುತ್ತೆ ಅಂತ. ಇದ್ದದ್ದು ಒಂದು ಬಿ ಟೈಪ್ ಸಿಲಿಂಡರ್. ದೊಡ್ಡ ಜಂಬೋ ಸಿಲಿಂಡರ್ ಹೆರಿಗೆ ವಾರ್ಡಿನ ಮಗುವಿಗೆ ಹಾಕಿತ್ತು. ಎರಡು ಗಂಟೆಗೆ ನೋಡಿದಾಗ ನಮ್ಮ ಸಿಲಿಂಡರಿನ ಮುಳ್ಳು 100ರ ಮೇಲಿತ್ತು.

108 ಹುಡುಗ

ಬಿ ಟೈಪ್ ತುಂಬಿದಾಗ ಮುಳ್ಳು 150ರ ಹತ್ತಿರ, ಒಳಗೆ 1500 ಲೀಟರ್. ಅಂದ್ರ 100ಕ್ಕೆ ಸುಮಾರು ಸಾವಿರ ಲೀಟರ್. ನಿಮಿಷಕ್ಕೆ 10 ಬಿಟ್ಟರೆ ನೂರು ನಿಮಿಷ, ಮೂರೂ ನಲವತ್ತಕ್ಕ ಖಾಲಿ. 5 ಬಿಟ್ಟರೆ ಇನ್ನೂರು ನಿಮಿಷ, ಐದೂ ಇಪ್ಪತ್ತು. ಗಾಡಿ ಬಂದದ್ದು ಆರೂ ಹತ್ತಕ್ಕ. ಎರಡರಲ್ಲೂ ಸಾಲದು. ಕತೆ ಇಲ್ಲೈತಿ ಅಕ್ಕಾರ, ನೀವು ಎಲ್ಲೋ ಹುಡಕಾಕತ್ತೀರಿ.

ಪಿ.ಎಚ್.ಸಿ. ಡಾಕ್ಟ್ರು

ಲೆಕ್ಕ ಸರಿ. ಆದರೆ ಈ ರೋಗಿಯ ಶ್ವಾಸಕೋಶ ಚೆನ್ನಾಗಿತ್ತು, ಕೆಟ್ಟದ್ದು ಉಸಿರಾಡಿಸುವ ಸ್ನಾಯು. ಜೊಲ್ಲು ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಂಡರೆ ಬರೀ ಗಾಳಿಯಲ್ಲಿ ಬ್ಯಾಗ್ ಒತ್ತಿದರೂ ಅಂಥವರು ತಡೆಯುತ್ತಾರೆ. ಸಿಲಿಂಡರ್ ಮುಗಿದರೆ ಕತೆ ಮುಗಿಯಿತು ಅಂತ ಗಾಬರಿಯಾಗಿ ಬ್ಯಾಗ್ ಬಿಟ್ಟು ಸಿಲಿಂಡರ್ ಹುಡುಕಲು ಓಡುವವರನ್ನು ನೋಡಿದ್ದೇನೆ. ನಿಲ್ಲಬಾರದ್ದು ಕೈ.

ಪಾಳಿಪುಸ್ತಕ

ನಮ್ಮ ಡಾಕ್ಟರ್ ಅದನ್ನೇ ಹೇಳಿದರು. ಮೊದಲು 10ರಲ್ಲಿತ್ತು, ಬೆರಳಿನ ಯಂತ್ರ 99 ತೋರಿಸುತ್ತಿತ್ತು. ಐದಕ್ಕೆ ಇಳಿಸಿದರು, 98. ಮೂರಕ್ಕೆ ಇಳಿಸಿದರು, 97. "ಇಲ್ಲೇ ಇರಲಿ, 94ಕ್ಕಿಂತ ಕೆಳಗೆ ಹೋದರೆ ಕರೀರಿ" ಅಂದು ಬೇರೆ ರೋಗಿಯ ಹತ್ತಿರ ಹೋದರು. ಆಮೇಲೆ ಗಾಡಿ ಬರುವವರೆಗೂ ನಾನು ನೋಡಿದ್ದು ಮೂರೇ: ಎದೆ, ಆ ಅಂಕಿ, ಸಿಲಿಂಡರಿನ ಮುಳ್ಳು.

ಕಥೆಕಟ್ಟೆ

ಎಲ್ಲರೂ ಸೇರಿ ಒಳ್ಳೆಯ ಕತೆಯನ್ನು ಕೇಸ್ ಶೀಟ್ ಮಾಡುತ್ತಿದ್ದೀರಿ. ಸಾಹಿತ್ಯದ ದೃಷ್ಟಿಯಿಂದ ನನ್ನ ಅಭಿಪ್ರಾಯ: ಇದನ್ನು ಆ ರೋಗಿಯ ಬಾಯಲ್ಲಿ ಬರೆಯಬೇಕು. ಅಲುಗಾಡಲಾರ, ನೋಡಲಾರ, ಎಲ್ಲ ಕೇಳುತ್ತಿದೆ. ಅದಕ್ಕಿಂತ ದೊಡ್ಡ ಪಾತ್ರ ಬೇಕೇ? ನರ್ಸ್ ಬರೀ ಒಂದು ದನಿಯಾಗಿ ಬರಲಿ. ಕೊನೆಯಲ್ಲಿ ಕಣ್ಣು ಬಿಟ್ಟಾಗ ಆ ದನಿಯ ಮುಖ ಕಾಣಲಿ. ವಯಲ್, ಟ್ಯೂಬ್, ಸಿಲಿಂಡರ್ ಎಲ್ಲ ತೆಗೆಯಿರಿ.

ನಿವೃತ್ತ ಮೇಟ್ರನ್

ಅಯ್ಯೋ, ನರ್ಸುಗಳ ದಿನದ ಪತ್ರಿಕೆಯಲ್ಲೂ ನರ್ಸು ದನಿ ಮಾತ್ರವೇ? ಕಣ್ಣು ಬಿಟ್ಟಾಗ ಮುಖ ಕಾಣುವುದು ಸಿನಿಮಾದಲ್ಲಿ. ಆತ ಕಣ್ಣು ಬಿಡುವುದು ಬೇರೆ ಊರಿನ ಐ.ಸಿ.ಯು.ನಲ್ಲಿ, ಎದುರಿಗೆ ಇರುವುದು ಬೇರೆ ಸಿಸ್ಟರ್. ಅವಳ ಮುಖವೂ ಮಾಸ್ಕಿನೊಳಗೆ.

ಕಥೆಕಟ್ಟೆ

ಮೇಡಂ, ನರ್ಸನ್ನು ಕಡೆಗಣಿಸುವ ಮಾತಲ್ಲ ಅದು. ಒಬ್ಬ ಲೇಖಕನಿಗೆ ದೃಷ್ಟಿಕೋನ ಮುಖ್ಯ.

ನಿವೃತ್ತ ಮೇಟ್ರನ್

ದೃಷ್ಟಿಕೋನ ಅವಳದೇ ಇದೆಯಲ್ಲ. ಅವಳಿಗೆ ಗೊತ್ತಿರುವುದು ನಾಡಿಯ ಅಂಕಿ ಮಾತ್ರ. ಒಳಗೆ ಏನಾಗುತ್ತಿದೆ ಅಂತ ಅಂಕಿಯಿಂದಲೇ ಊಹಿಸಬೇಕು. ನಮ್ಮ ಇಡೀ ಕೆಲಸ ಅದೇ.

ದುಬೈ ಪಾಳಿ

ಹದಿನೈದು ವರ್ಷದಿಂದ ಇಲ್ಲಿ ಐ.ಸಿ.ಯು.ನಲ್ಲಿದ್ದೇನೆ, ಊರು ದಾವಣಗೆರೆ ಕಡೆ. ಇಲ್ಲಿ ಯಂತ್ರವೇ ಉಸಿರು ಕೊಡುತ್ತೆ, ಆದರೂ ರೋಗಿಯ ಹತ್ತಿರ ಹೇಳಿ ಹೇಳಿ ಮಾಡು ಅಂತ ಮೊದಲ ದಿನವೇ ಕಲಿಸ್ತಾರೆ. ನೀವು "ಗಂಟೆ ಮೂರೂವರೆ" ಅಂತ ಹೇಳಿದ್ರಲ್ಲ, ಅದು ನನಗೆ ತುಂಬ ಹಿಡಿಸಿತು. ಕಣ್ಣಿಗೆ ಪಟ್ಟಿ ಹಾಕಿದ ಮೇಲೆ ಅವರಿಗೆ ಹೊತ್ತೇ ಇರೋದಿಲ್ಲ.

ಒಂದು ಎಚ್ಚರಿಕೆ. ಊರು ಬದಲಿಸಿದ್ದೀನಿ ಅಂದ್ರಿ. ಆದರೆ ತಾಲ್ಲೂಕಿನಲ್ಲಿ ಹಾವು ಕಚ್ಚಿ ಟ್ಯೂಬ್ ಹಾಕಿಸಿಕೊಂಡವರು ಎಷ್ಟು ಜನ ಇರ್ತಾರೆ? ಓದಿದವರು ಒಂದೇ ನಿಮಿಷದಲ್ಲಿ ಕಂಡುಹಿಡೀತಾರೆ. ಹೆಂಡತಿಯ ಅಣ್ಣನ ಫೋನ್ ಮಾತು ಅಚ್ಚಾದರೆ ಆ ಮನೆಯಲ್ಲಿ ಜಗಳ ಗ್ಯಾರಂಟಿ. ಆತನ ಒಪ್ಪಿಗೆ ಕೇಳಿದ್ದೀರಾ?

ಎಫ್.ಡಿ.ಎ. ರಾಜು

ರಾತ್ರಿ ಪಾಳಿ ಭತ್ಯೆ ವಿಚಾರ ಅಂತ ಬಂದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸುಗಳಿಗೂ ಕೊಡ್ತಾರಾ? ನನ್ನ ತಂಗಿ ಕೇಳ್ತಿದ್ದಳು.

ಕರಾವಳಿ ಸಿಸ್ಟರ್

ರಾಜು ಅವರೇ, ಇದು ಕತೆಯ ಚರ್ಚೆ. ಭತ್ಯೆಯ ಸುದ್ದಿ ಸಿಕ್ಕರೆ ನಮಗೂ ಹೇಳಿ 😀

ಬಯಲುನಾಡು

ಆ ಮನುಷ್ಯ ಬದುಕಿದನಾ ಇಲ್ವಾ? ಎಲ್ಲರೂ ಸಿಲಿಂಡರ್ ಲೆಕ್ಕ ಹಾಕ್ತಿದ್ದೀರಿ, ಅದನ್ನ ಯಾರೂ ಕೇಳ್ತಿಲ್ಲ.

ಪಾಳಿಪುಸ್ತಕ

ಬದುಕಿದರು. ಆರನೇ ದಿನ ಯಂತ್ರ ತೆಗೆದರಂತೆ. ಮೊದಲು ಅಲುಗಿದ್ದು ಕಾಲಿನ ಬೆರಳು ಅಂತ ಅಲ್ಲಿನ ಸಿಸ್ಟರ್ ಫೋನಿನಲ್ಲಿ ಹೇಳಿದಳು. ಆಮೇಲೆ ಗಂಟಲು ನೋವು ಅಂತ ನಮ್ಮ ಓ.ಪಿ.ಡಿ.ಗೇ ಬಂದಿದ್ದರು. ಒಪ್ಪಿಗೆ ಆಗಲೇ ಕೇಳಿದೆ, "ಬರೀರಿ ಅಕ್ಕಾರ" ಅಂದರು.

ಏನು ನೆನಪಿದೆ ಅಂತಲೂ ಕೇಳಿದೆ. ನಾನು ಹೇಳಿದ್ದು ಯಾವುದೂ ನೆನಪಿಲ್ಲ! ಗಂಟೆ ಹೇಳಿದ್ದೂ ಇಲ್ಲ. ನೆನಪಿದ್ದದ್ದು ಜೋಳದ ರೇಟಿನ ಮಾತು ಮಾತ್ರ. "ಕೇಳಿದ ರೇಟಿಗೆ ಕೊಡು ಅಂದನ್ರಿ ಅಂವಾ. ಎದ್ದು ಹೊಡಿಬೇಕು ಅನಸ್ತು, ಏಳಾಕ ಆಗಲಿಲ್ಲ."

108 ಹುಡುಗ

😂😂 ನಾಡಿ 124 ಆದದ್ದು ಹೆದರಿಕಿಗೆ ಅಲ್ಲ, ಸಿಟ್ಟಿಗೆ!

ಪಿ.ಎಚ್.ಸಿ. ಡಾಕ್ಟ್ರು

ಮಿಡಜೋಲಾಮ್ ಕೊಟ್ಟ ನಂತರದ್ದು ನೆನಪಿಲ್ಲದೆ ಇರುವುದು ಸಹಜ. ಆ ಔಷಧಿ ನೆನಪು ಕೂರಲು ಬಿಡುವುದಿಲ್ಲ. ಅಣ್ಣನ ಮಾತು ಅದಕ್ಕೆ ಮೊದಲಿನದು ಅಂದಿರಲ್ಲ, ಅದಕ್ಕೇ ಉಳಿದಿದೆ.

ಕಥೆಕಟ್ಟೆ

ಇದೇ ಕೊನೆ! ಇದನ್ನು ಬಿಟ್ಟು "ಬರೆದುಕೊಂಡ" ಅಂತ ಮುಗಿಸುತ್ತೀರಾ? ನಾನು ದೃಷ್ಟಿಕೋನದ ವಾದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಆದರೆ ಈ ಜೋಳದ ರೇಟು ಇರಲೇಬೇಕು.

ದುಬೈ ಪಾಳಿ

ಇರಬಾರದು. ಆತ ಒಪ್ಪಿದ್ದಾನೆ, ಸರಿ. ಹೆಂಡತಿಯ ಅಣ್ಣ ಒಪ್ಪಿಲ್ಲ. ಆತನೂ ಅವತ್ತು ರಾತ್ರಿ ಟ್ರ್ಯಾಕ್ಸ್ ಮಾಡಿಕೊಂಡು ಕರೆತಂದವನು. ನಾಟಿ ಔಷಧಿ, ಮಂತ್ರ ಅಂತ ಒಂದು ತಾಸು ಕಳೆಯದೆ ನೇರ ಆಸ್ಪತ್ರೆಗೆ ಬಂದ. ಆ ಒಳ್ಳೆಯದನ್ನು ಯಾರೂ ಬರೀತಿಲ್ಲ, ಜೋಳದ ಮಾತು ಮಾತ್ರ ಎಲ್ಲರಿಗೂ ಬೇಕು.

ಪಾಳಿಪುಸ್ತಕ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ಜೋಳದ ಬದಲು ಬೇರೆ ಏನಾದರೂ ಇಟ್ಟರೆ ಸುಳ್ಳಾಗುತ್ತೆ, ಅದನ್ನೇ ಇಟ್ಟರೆ ಅಣ್ಣನಿಗೆ ಕೆಟ್ಟದ್ದಾಗುತ್ತೆ. ಯೋಚಿಸ್ತೀನಿ.

ಮಲೆನಾಡ ಮಗಳು

ಕತೆಗೆ ಸಂಬಂಧ ಇಲ್ಲ, ಆದರೂ. ಕಣದಲ್ಲಿ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರೆ ಈ ಹಾವು ಒಳಗೆ ಬರೋದಿಲ್ಲ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮಲಗಿದವರು ಹೊರಳಿದಾಗ ಕಚ್ಚುತ್ತೆ, ನೋವೂ ಹೆಚ್ಚಿರೋಲ್ಲ. ನಮ್ಮಜ್ಜಿ ಚಾಪೆ ಸುತ್ತ ಬೆಳ್ಳುಳ್ಳಿ ನೀರು ಹಾಕ್ತಿದ್ದಳು, ಅದು ಕೆಲಸ ಮಾಡುತ್ತಾ ಗೊತ್ತಿಲ್ಲ.

ಪಿ.ಎಚ್.ಸಿ. ಡಾಕ್ಟ್ರು

ಬೆಳ್ಳುಳ್ಳಿ ನಂಬಬೇಡಿ, ಪರದೆ ನಂಬಿ. ಮಂಚವಿದ್ದರೆ ಇನ್ನೂ ಒಳ್ಳೆಯದು. ಅಂದಹಾಗೆ 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಖಾಸಗಿ ಆಸ್ಪತ್ರೆಯವರೂ ಮಾಡಬೇಕು, ಹೊಟ್ಟೆನೋವು ಅಂತ ಬಂದವರದ್ದೂ ಸೇರಿ.

ಪಾಳಿಪುಸ್ತಕ

ಮಧ್ಯದ ಭಾಗ ಹೀಗೆ ಬರೆದಿದ್ದೇನೆ, ನೋಡಿ:

"ಎರಡಕ್ಕೆ ಸಿಲಿಂಡರಿನ ಮುಳ್ಳು ನೂರು. ಡಿ ಗ್ರೂಪಿನ ಅಣ್ಣ ಬ್ಯಾಗ್ ಹಿಡಿದ, ಭಯಕ್ಕೆ ಬೇಗ ಬೇಗ ಒತ್ತಿದ. 'ನಿಮ್ಮ ಉಸಿರಿನ ಜೊತೆ ಒತ್ತಬ್ಯಾಡ್ರಿ, ನಿಮ್ಮದು ಈಗ ಓಡಾಕತ್ತೈತಿ, ನಾ ಎಣಸತೀನಿ' ಅಂದೆ. ಟ್ಯೂಬು ಹಲ್ಲಿನ ಹತ್ತಿರ ಇಪ್ಪತ್ತೆರಡು. ಮೂರಕ್ಕೆ ಬಲಕ್ಕೆ ಹೊರಳಿಸಿದೆವು, ಮತ್ತೆ ನೋಡಿದೆ, ಇಪ್ಪತ್ತೆರಡು. ಏಳನೇ ಮಂಚದ ಅಜ್ಜಿ ನೀರು ಕೇಳಿದಳು. ನನ್ನ ಕೈ ಬಿಡುವಿಲ್ಲ ಅಂತ ಕಂಡು ತಾನೇ ಎದ್ದು ಗೋಡೆ ಹಿಡಿದುಕೊಂಡು ಹೋಗಿ ಕುಡಿದಳು, ಬರುವಾಗ ನನಗೂ ಒಂದು ಲೋಟ ತಂದಳು. ಕುಡಿಸಿದಳು. ಮುಳ್ಳು ಅರವತ್ತೈದು."

ನಿವೃತ್ತ ಮೇಟ್ರನ್

ಅಜ್ಜಿ ಎಲ್ಲಿದ್ದಳು ಇಷ್ಟು ಹೊತ್ತು! ಮೊದಲ ಸಲ ಯಾಕೆ ಬರೆಯಲಿಲ್ಲ? ಬಿದ್ದಿದ್ದರೆ ಇನ್ಸಿಡೆಂಟ್ ರಿಪೋರ್ಟ್ ಬರೆಯಬೇಕಿತ್ತು ಅನ್ನುವುದು ಬೇರೆ ಮಾತು. ಇದನ್ನು ಯಾರಾದರೂ ಎರಡು ಸಾಲಿಗೆ ಇಳಿಸಿ ಅಂದರೆ ನನ್ನ ಹತ್ತಿರ ಕಳಿಸು.

ಕಥೆಕಟ್ಟೆ

ಇದು ಕತೆ. ಆದರೂ ವಯಲ್ ಉರುಳಿಸುವುದನ್ನು ಅರ್ಧ ಮಾಡಿದರೆ ಒಂದೂವರೆ ಪುಟಕ್ಕೆ ಕೂರುತ್ತದೆ.

ಮೆಡಿಕಲ್ ಗುರು

ವಯಲ್ ತೆಗೀಬೇಡಿ. ಕುಲುಕಬಾರದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೂ ಇಲ್ಲೇ ಗೊತ್ತಾಗಿದ್ದು.

ಪಾಳಿಪುಸ್ತಕ

ಸರ್‌ಗೆ ಕಳಿಸಿದೆ. ಎರಡು ಪುಟ ಕೊಡ್ತಾರಂತೆ, ಆದರೆ ಎದುರಿನ ಪುಟದಲ್ಲಿ ರಕ್ತದಾನ ಶಿಬಿರದ ಫೋಟೋ ಬರುತ್ತಂತೆ. ಜೋಳದ ಮಾತನ್ನು ಸದ್ಯಕ್ಕೆ ಇಟ್ಟಿದ್ದೇನೆ, ಆಡಿದವನನ್ನು "ಸಂಬಂಧಿಕರೊಬ್ಬರು" ಮಾಡಿದ್ದೇನೆ. ದುಬೈ ಅಕ್ಕ ಒಪ್ಪೋದಿಲ್ಲ ಅಂತ ಗೊತ್ತು.

ದುಬೈ ಪಾಳಿ

ಒಪ್ಪೋದಿಲ್ಲ. ಆ ರಾತ್ರಿ ಬಂದ ಸಂಬಂಧಿಕರು ಎಷ್ಟು ಜನ ಅಂತ ಊರಿಗೆಲ್ಲ ಗೊತ್ತು.

108 ಹುಡುಗ

ಅಕ್ಕಾರ, ಅಚ್ಚಾದ ಮ್ಯಾಲ ಒಂದು ಪ್ರತಿ ನಮ್ಮ ಗಾಡಿಗೂ ಇಡ್ರಿ. ಮತ್ತ ಒಂದು ಮಾತು, ಸಿಲಿಂಡರಿನ ಕೀ ನಿಮ್ಮಲ್ಲಿ ಎಲ್ಲಿಡತೀರಿ? ನಮ್ಮ ಕಡೆ ಅದು ಬೇಕಾದಾಗ ಸಿಕ್ಕಿದ್ದೇ ಇಲ್ಲ.

ಪಾಳಿಪುಸ್ತಕ

ದಾರ ಕಟ್ಟಿ ಸಿಲಿಂಡರಿನ ಕುತ್ತಿಗೆಗೇ ನೇತುಹಾಕಿದ್ದೇವೆ. ಅದಕ್ಕೂ ಮೊದಲು ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದೆವು, ಡ್ರಾಯರಿನ ಬೀಗದ ಕೈ ಹಗಲು ಪಾಳಿಯವರ ಬ್ಯಾಗಿನಲ್ಲಿ ಮನೆಗೆ ಹೋಗುತ್ತಿತ್ತು.